ಸಂಬಳ ಏರಿಸಲ್ಲ, ಬೇರೆ ಏನಾದ್ರೂ ಕೇಳು ಅಂದಿದ್ದಾರೆ. ಏನು ಕೇಳಲಿ, ಹೇಗೆ ಕೇಳಲಿ?

ಕುಕ್ಕರಹಳ್ಳಿ_ಸಂಜೆ

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ನಲವತ್ತು ಜನರ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ನನ್ನದು, ಆರು ವರ್ಷ ಆಯ್ತು. ತಿಂಗಳಿಗೆ 60,000. ನಮ್ಮ ದೊಡ್ಡ ಗಿರಾಕಿ ಜರ್ಮನಿಯವರು, ಈ ಸಲ ಅವರು ಕೆಲಸ ಕಡಿಮೆ ಮಾಡಿದ್ದಾರೆ. ಹಾಗಾಗಿ ಯಾರಿಗೂ ಇನ್‌ಕ್ರಿಮೆಂಟ್ ಇಲ್ಲ. ಲೆಕ್ಕಪತ್ರ ನೋಡಿಕೊಳ್ಳೋ ಹುಡುಗಿ ನನ್ನ ಸ್ನೇಹಿತೆ, ಅವಳೂ ನಿಜ ಅಂದಳು. ಸುಳ್ಳು ನೆಪ ಅಲ್ಲ.

ಮಾಲೀಕರು ಕರೆದು, "ಹೋದ ವರ್ಷದ ಹಾಗೆ 5% ಕೊಡೋಕೆ ಆಗಲ್ಲಮ್ಮ, ಬೇರೆ ಏನಾದ್ರೂ ಬೇಕಿದ್ರೆ ಹೇಳು, ನೋಡೋಣ" ಅಂದರು. ಮೂರು ಯೋಚನೆ ಬಂದಿವೆ. ಒಂದು, ಹೆಚ್ಚುವರಿ ರಜೆ. ಎರಡು, ಆಟೊಮೇಷನ್ ಟೆಸ್ಟಿಂಗ್ ಕೋರ್ಸ್, ಶುಲ್ಕ 40,000, ಜಿಎಸ್‌ಟಿ ಸೇರಿ 47,200. ಮೂರು, ಬೆಳಗ್ಗೆ 9:30ರಿಂದ 6:30ರ ಬದಲು 7:30ರಿಂದ 4:30. ಅತ್ತೆ ಹಾಸನಕ್ಕೆ ಹೋಗಿದ್ದಾರೆ, ಮೂರನೇ ಕ್ಲಾಸಿನ ಮಗ ನಾಲ್ಕು ಗಂಟೆಗೆ ಮನೆಗೆ ಬಂದು ಪಕ್ಕದ ಮನೆಯಲ್ಲಿ ಕೂತಿರ್ತಾನೆ.

ಮೂರನ್ನೂ ಕೇಳಬಹುದಾ? ಕೇಳಿದ್ರೆ ದುರಾಸೆ ಅನ್ಸುತ್ತಾ?

ಓಆರ್‌ಆರ್_ಪಯಣಿಗ

ಬೇರೆ ಕಡೆ ಇಂಟರ್‌ವ್ಯೂ ಕೊಡಿ. ಆರು ವರ್ಷಕ್ಕೆ 60 ಸಾವಿರ, ಅದರ ಮೇಲೆ ಏರಿಕೆ ಇಲ್ಲ ಅಂದ್ರೆ ಏನರ್ಥ. ರಜೆ ಇಟ್ಕೊಂಡು ಏನ್ ಮಾಡ್ತೀರಾ, ಬಾಡಿಗೆ ಕಟ್ಟೋಕಾಗುತ್ತಾ?

ಕುಕ್ಕರಹಳ್ಳಿ_ಸಂಜೆ

ಬೆಂಗಳೂರಿಗೆ ಬರೋ ಸ್ಥಿತಿಯಲ್ಲಿಲ್ಲ. ಯಜಮಾನರ ಕೆಲಸ ಇಲ್ಲೇ. ಅದಕ್ಕೇ ಈ ಪ್ರಶ್ನೆ.

ಕಡಲತಡಿ

ಮೇಡಂ, ರಜೆ ಕೇಳುವುದೇನು ಬಂತು, ಅದು ನಿಮ್ಮ ಹಕ್ಕು. ಕರ್ನಾಟಕದ ಶಾಪ್ಸ್ ಆಕ್ಟ್ ಪ್ರಕಾರ ವರ್ಷಕ್ಕೆ 45 ದಿನ ಗಳಿಕೆ ರಜೆ ಕೊಡಲೇಬೇಕು, ಮೊದಲು 30 ಇತ್ತು, ಈಗ ಏರಿಸಿದ್ದಾರೆ. ಮೊದಲು ಅದನ್ನು ಕೊಡಲಿ, ಆಮೇಲೆ ಉಳಿದ ಮಾತು. ಮತ್ತೆ ಕೋರ್ಸ್ ಶುಲ್ಕವನ್ನು ಕಂಪನಿಯೇ ಕಟ್ಟಿದರೆ ನಿಮಗೆ ತೆರಿಗೆ ಇಲ್ಲ, ಸಂಬಳವಾಗಿ ಕೊಟ್ಟರೆ ತೆರಿಗೆ. ಆದ್ದರಿಂದ ಕೋರ್ಸೇ ಲಾಭ.

ಖಾತೆಕಿರ್ದಿ

ದಾವಣಗೆರೆಯವನು. ಸಣ್ಣ ಕಂಪನಿಗಳ ಅಕೌಂಟ್ಸ್, ಪೇರೋಲ್ ನೋಡಿಕೊಂಡು 22 ವರ್ಷ ಆಯಿತು. ಇಂಥ ಕೋರಿಕೆಗಳು ಮಾಲೀಕರ ಮೇಜಿನಿಂದ ಕೊನೆಗೆ ನನ್ನ ಮೇಜಿಗೇ ಬರುತ್ತವೆ.

ಮೊದಲು ಕಡಲತಡಿ ಅವರ ಮಾತು. 45 ಅನ್ನೋದು ವರ್ಷಕ್ಕೆ ಸಿಗುವ ರಜೆ ಅಲ್ಲ ಸರ್, ಬಳಸದೆ ಉಳಿದದ್ದನ್ನು ಮುಂದಕ್ಕೆ ಒಯ್ಯುವ ಮಿತಿ. ಹುಟ್ಟುವ ರಜೆ ಕೆಲಸ ಮಾಡಿದ 20 ದಿನಕ್ಕೆ ಒಂದು. ವರ್ಷಕ್ಕೆ 240 ದಿನ ಕೆಲಸ ಮಾಡಿದರೆ 12. ಇದರ ಹೊರತಾಗಿ ಕಾಯಿಲೆ ರಜೆ 12 ದಿನದವರೆಗೆ. ಹಬ್ಬ, ರಾಷ್ಟ್ರೀಯ ದಿನಗಳ ರಜೆ ಬೇರೆ ಕಾನೂನಿನದು. ಮೇಡಂ, ಇಷ್ಟು ನಿಮಗೆ ಈಗಲೇ ಸಿಗುತ್ತಿದೆಯಾ ಅಂತ ಮೊದಲು ನೋಡಿ. ಕಾನೂನು ಕೊಟ್ಟದ್ದನ್ನೇ "ಸಂಬಳದ ಬದಲಿಗೆ" ಅಂತ ಪಡೆದುಕೊಂಡು ಥ್ಯಾಂಕ್ಸ್ ಹೇಳಿ ಬಂದವರನ್ನು ನೋಡಿದ್ದೀನಿ.

ಈಗ ಲೆಕ್ಕ. ನಿಮ್ಮದು ವರ್ಷಕ್ಕೆ 7,20,000. ವಾರಕ್ಕೆ ಐದು ದಿನದ ಕಚೇರಿ, ಹಬ್ಬ ಮತ್ತು ರಜೆ ಕಳೆದರೆ ನಿಜವಾಗಿ ಕೆಲಸ ಮಾಡುವುದು ಸುಮಾರು 240 ದಿನ. ಒಂದು ದಿನದ ಬೆಲೆ 3,000. ತಪ್ಪಿಹೋದ 5% ಅಂದರೆ ವರ್ಷಕ್ಕೆ 36,000. ಅದು ಸರಿಯಾಗಿ 12 ದಿನ. ಸಂಬಳ ಎಷ್ಟೇ ಇರಲಿ, 240ರಲ್ಲಿ 5% ಹನ್ನೆರಡೇ. ಹಾಗಾಗಿ ಎರಡು ದಿನ ಹೆಚ್ಚು ರಜೆ ಕೊಟ್ಟು "ಸರಿದೂಗಿಸಿದೆವು" ಅಂದರೆ ಸರಿದೂಗಿಲ್ಲ. ಹಾಗಂತ ಹನ್ನೆರಡೂ ಸಿಗುತ್ತೆ ಅಂತಲ್ಲ. ಎಷ್ಟು ಬಿಟ್ಟುಕೊಡುತ್ತಿದ್ದೀರಿ ಅನ್ನೋದು ನಿಮಗೆ ಗೊತ್ತಿರಲಿ.

ಗಿರ್ಮಿಟ್

ಅಕ್ಕಾರ, ಮಾಲಕನ ಕಡಿಂದನೂ ಒಂದ್ ಮಾತು ಕೇಳ್ರಿ. ನಂದು ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಸಣ್ಣ ವರ್ಕ್‌ಶಾಪ್ ಐತಿ, 26 ಮಂದಿ. ಯಾರರೆ ಬಂದು "ಎಂಟ್ ದಿನ ಜಾಸ್ತಿ ಸೂಟಿ ಕೊಡ್ರಿ" ಅಂದ್ರ ನನಗ ಆ ಎಂಟ್ ದಿನದ ಚಿಂತಿ ಇರೂದಿಲ್ಲ. ನಾಳಿ ಉಳದ 25 ಮಂದಿ ಬಾಗಲದಾಗ ನಿಂತ್ರ ಏನ್ ಹೇಳ್ಲಿ ಅನ್ನೂದ ಚಿಂತಿ. ಇನ್ನೊಂದು, ಆ ಎಂಟ್ ದಿನ ಅವ್ನ ಮಷೀನ್ ಯಾರ್ ನಡಸ್ಬೇಕು? ಇವೆರಡಕ್ಕ ಉತ್ತರ ತಗೊಂಡು ಬಂದಾವಗ ನಾ ಇಲ್ಲ ಅಂದಿಲ್ಲ.

ನಮ್ಮಲ್ಲಿ ಒಬ್ಬ ಟರ್ನರ್ ಸುಗ್ಗಿ ಟೈಮಿನ್ಯಾಗ ಊರಿಗೆ ಹೋಗ್ಬೇಕು ಅಂತ ಆರು ದಿನ ಕೇಳ್ದ. "ಮಾರ್ಚ್ ಕ್ಲೋಸಿಂಗ್ ಬಿಟ್ಟು, ಒಂದೇ ಸಲಕ್ಕ, ನನ್ನ ಬದ್ಲಿ ಇಂಥಾವ ನಿಲ್ತಾನ, ಅವ್ನ ಸೂಟಿಗೆ ನಾ ನಿಲ್ತೀನಿ" ಅಂದ. ಸಹಿ ಹಾಕಿ ಕೊಟ್ಟೆ, ಚಾ ಕುಡ್ಯೂದ್ರಾಗ ಮುಗೀತು.

ನಿವೃತ್ತ_ಮೇಷ್ಟ್ರು

ತಂಗಿ, ಗಳಿಕೆ ರಜೆಯನ್ನು ಬಳಸದೆ ಹಾಗೆಯೇ ಕೂಡಿಸಿಡು. ನಾನು ನಿವೃತ್ತನಾದಾಗ ರಜೆ ನಗದೀಕರಣದಿಂದ ಬಂದ ಹಣದಲ್ಲೇ ಮಗಳ ಮದುವೆಯ ಅರ್ಧ ಖರ್ಚು ಸಾಗಿತು. ಅರ್ಜಿಯನ್ನು ಸೇವಾ ಪುಸ್ತಕದೊಂದಿಗೆ ಮುಖ್ಯ ಶಿಕ್ಷಕರ ಮೂಲಕ ಸಲ್ಲಿಸಬೇಕು.

ಕುಕ್ಕರಹಳ್ಳಿ_ಸಂಜೆ

ಸರ್, ನಮ್ಮದು ಖಾಸಗಿ ಕಂಪನಿ, ಸೇವಾ ಪುಸ್ತಕ ಇಲ್ಲ. ಆದ್ರೆ ಒಂದು ಪ್ರಶ್ನೆ ಬಂತು. ಹೆಚ್ಚುವರಿ ರಜೆ ಸಿಕ್ಕಿದ್ರೆ, ಬಳಸದೆ ಉಳಿದದ್ದಕ್ಕೆ ಹಣ ಕೊಡಿ ಅಂತ ಕೇಳಬಹುದಾ?

ಖಾತೆಕಿರ್ದಿ

ಮೇಷ್ಟ್ರು ಹೇಳಿದ್ದು ಸರ್ಕಾರಿ ನೌಕರಿಗೆ ಸರಿ, ಇಲ್ಲಿ ಅದರ ಉಲ್ಟಾ ಮಾಡಬೇಕು. ಹಣ ಕೇಳಲೇಬೇಡಿ.

ಯಾಕೆ ಅಂದರೆ, ಮುಂದಕ್ಕೆ ಒಯ್ಯಬಹುದಾದ ರಜೆ, ಹಣವಾಗಿಸಬಹುದಾದ ರಜೆ ಕಂಪನಿಯ ಪುಸ್ತಕದಲ್ಲಿ ಸಾಲದ ಹಾಗೆ ಕೂರುತ್ತೆ. ಮಾರ್ಚ್ 31ಕ್ಕೆ ಯಾರ ಖಾತೆಯಲ್ಲಿ ಎಷ್ಟು ದಿನ ಉಳಿದಿದೆ ಅಂತ ಎಣಿಸಿ ಅಷ್ಟು ಹಣವನ್ನು ಬ್ಯಾಲೆನ್ಸ್ ಶೀಟಿನಲ್ಲಿ ತೆಗೆದಿಡಬೇಕು. ಆಡಿಟರ್ ಅದನ್ನು ಕೇಳಿಯೇ ಕೇಳುತ್ತಾರೆ. "ಈ ಎಂಟು ದಿನ ಈ ಆರ್ಥಿಕ ವರ್ಷಕ್ಕೆ ಮಾತ್ರ, ಬಳಸದಿದ್ದರೆ ಮಾರ್ಚ್ 31ಕ್ಕೆ ರದ್ದು, ನಗದೀಕರಣ ಇಲ್ಲ" ಅಂತ ನೀವೇ ಬರೆದುಕೊಟ್ಟರೆ ಆ ಬಾಬ್ತೇ ಇಲ್ಲ. ಕೈಯಿಂದ ಒಂದು ರೂಪಾಯಿ ಹೋಗಲ್ಲ. ಕೈಯಲ್ಲಿ ಹಣ ಇಲ್ಲದ ಮಾಲೀಕರಿಗೆ ಇದು ಸುಲಭದ ಹೂಂ. ಸಂಬಳ ಏರಿಕೆ ಹಾಗಲ್ಲ. ಒಮ್ಮೆ ಕೊಟ್ಟ 3,000 ಪ್ರತಿ ತಿಂಗಳೂ ಹೋಗುತ್ತೆ, ಮುಂದಿನ ವರ್ಷದ ಏರಿಕೆ ಅದರ ಮೇಲೆ, ಬೇಸಿಕ್ ಏರಿದರೆ ಗ್ರಾಚ್ಯುಟಿ ಕೂಡ ಅದರ ಮೇಲೆ.

ಇನ್ನು ಕೋರ್ಸ್. ತೆರಿಗೆ ವಿಚಾರದಲ್ಲಿ ಕಡಲತಡಿ ಹೇಳಿದ ನಿಯಮ ಸರಿ, ಈ ಮೇಡಂಗೆ ಮಾತ್ರ ಅದರಿಂದ ಪ್ರಯೋಜನ ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬೀಳಲ್ಲ. 7.2 ಲಕ್ಷದವರಿಗೆ ಸಂಬಳವಾಗಿ ಬಂದರೂ ಅಷ್ಟೇ, ಶುಲ್ಕವಾಗಿ ಬಂದರೂ ಅಷ್ಟೇ.

ಉಳಿತಾಯ ಇರೋದು ಕಂಪನಿ ಕಡೆ. ನೀವೇ 47,200 ಕಟ್ಟಿ ರಸೀದಿ ತಂದು ಕೊಟ್ಟರೆ ಕಂಪನಿಗೆ 47,200 ಖರ್ಚು. ಕೋರ್ಸಿನವರು ಕಂಪನಿ ಹೆಸರಿಗೆ, ಕಂಪನಿಯ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಮಾಡಿದರೆ, ಕೆಲಸಕ್ಕೆ ಸಂಬಂಧಪಟ್ಟ ತರಬೇತಿಯಾದ್ದರಿಂದ ಆ 7,200 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್. ಖರ್ಚು 40,000, ಅದೂ ಒಂದೇ ಸಲ. ಬಿಲ್ ಯಾರ ಹೆಸರಿಗೆ ಅನ್ನೋದನ್ನು ದುಡ್ಡು ಕಟ್ಟುವ ಮುಂಚೆ ಕೇಳಿ. ಕಟ್ಟಿದ ಮೇಲೆ ಬಿಲ್ ಬದಲಿಸಿಕೊಡಲು ತುಂಬಾ ಸತಾಯಿಸುತ್ತಾರೆ.

ಐಂಡ್‌ಹೋವನ್_ಕನ್ನಡಿಗ

ಕುತೂಹಲಕ್ಕೆ ಹೇಳ್ತೀನಿ. ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 26 ವಾರ ಕೆಲಸ ಮಾಡಿದ ಮೇಲೆ ವೇಳೆ ಬದಲಿಸಿ ಅಂತ ಬರೆದು ಕೇಳುವ ಹಕ್ಕಿದೆ, 2016ರ ಕಾನೂನು. ಎರಡು ತಿಂಗಳು ಮುಂಚೆ ಅರ್ಜಿ ಕೊಡಬೇಕು, ಆ ದಿನಕ್ಕೆ ಒಂದು ತಿಂಗಳು ಇರುವವರೆಗೂ ಕಂಪನಿ ಉತ್ತರಿಸದಿದ್ದರೆ ಕೇಳಿದ್ದು ಮಂಜೂರಾದ ಹಾಗೆಯೇ. ಹತ್ತು ಜನಕ್ಕಿಂತ ಕಡಿಮೆ ಇರೋ ಕಡೆ ಈ ನಿಯಮ ಇಲ್ಲ. ಊರಲ್ಲಿ ಇಂಥದ್ದು ಇದೆಯಾ?

ಖಾತೆಕಿರ್ದಿ

ನಮ್ಮ ಶಾಪ್ಸ್ ಆಕ್ಟ್ ಹೇಳೋದು ದಿನಕ್ಕೆ 9 ಗಂಟೆ, ವಾರಕ್ಕೆ 48 ಮೀರಬಾರದು ಅಂತ. ಎಷ್ಟು ಹೊತ್ತಿಗೆ ಶುರು ಅನ್ನೋದು ಕಂಪನಿಗೂ ನಿಮಗೂ ಬಿಟ್ಟಿದ್ದು. ಹಾಗಾಗಿ ಬರವಣಿಗೆಯಲ್ಲಿ ಏನಿದೆಯೋ ಅಷ್ಟೇ ನಿಮ್ಮದು.

ಓಆರ್‌ಆರ್_ಪಯಣಿಗ

ಬರವಣಿಗೆ ಅಂದ್ರಲ್ಲ, ನನ್ನ ಕತೆ ಕೇಳಿ. ಮೊದಲು ಒರಟಾಗಿ ಬರೆದಿದ್ದೆ, ಕ್ಷಮಿಸಿ ಅಕ್ಕ.

ಎರಡು ವರ್ಷದ ಹಿಂದೆ ನಮ್ಮ ಮ್ಯಾನೇಜರ್ "ಟ್ರಾಫಿಕ್ ಮುಗಿದ ಮೇಲೆ 11ಕ್ಕೆ ಬಾ, ನನಗೇನೂ ತೊಂದರೆ ಇಲ್ಲ" ಅಂದ್ರು. ಖುಷಿಯಾಗಿ ಎಂಟು ತಿಂಗಳು ಹಾಗೇ ಹೋದೆ. ಎಚ್‌ಆರ್ ಸಾಫ್ಟ್‌ವೇರಲ್ಲಿ ನನ್ನ ಶಿಫ್ಟ್ ಮಾತ್ರ 9:30ಕ್ಕೇ ಇತ್ತು. ತಿಂಗಳ ಕೊನೆಗೆ ಮ್ಯಾನೇಜರ್ ಒಟ್ಟಿಗೆ ಎಲ್ಲಾ ಲೇಟ್ ಮಾರ್ಕ್ ಅಪ್ರೂವ್ ಮಾಡ್ತಿದ್ರು, ನನಗೆ ಗೊತ್ತೇ ಆಗ್ತಿರಲಿಲ್ಲ. ಅವರು ಕೆಲಸ ಬಿಟ್ಟರು. ಹೊಸಬರು ಅಪ್ರೂವ್ ಮಾಡಲಿಲ್ಲ. ನಮ್ಮಲ್ಲಿ ಮೂರು ಲೇಟ್ ಮಾರ್ಕಿಗೆ ಅರ್ಧ ದಿನ ರಜೆ ಕಡಿತ, ರಜೆ ಮುಗಿದ್ರೆ ಎಲ್‌ಓಪಿ, ಅಂದ್ರೆ ಸಂಬಳದಲ್ಲೇ ಕಟ್. ಒಂದೇ ತಿಂಗಳಲ್ಲಿ ಮೂರು ದಿನ ಹೋಯ್ತು. "ಮೊದಲಿನವರು ಹೇಳಿದ್ರು" ಅಂದ್ರೆ "ಮೇಲ್ ಇದೆಯಾ?" ಅಂದ್ರು. ಇರಲಿಲ್ಲ.

ಮಾಲೀಕರು ಹೂಂ ಅಂದ ಮೇಲೆ ಬಯೊಮೆಟ್ರಿಕ್ ಮಷೀನಿಗೂ ಅದು ಗೊತ್ತಾಗಬೇಕು. ಆ್ಯಪಲ್ಲಿ ನಿಮ್ಮ ಹೆಸರಿನ ಎದುರು 7:30 ಅಂತ ಕಾಣಿಸೋವರೆಗೂ ಸಿಕ್ಕಿದೆ ಅಂದ್ಕೋಬೇಡಿ.

ಗಿರ್ಮಿಟ್

ವ್ಯಾಳ್ಯಾ ಬದಲಿ ಕೇಳೂ ಮುಂದ ಜರ್ಮನಿ ಮಂದಿ ಫೋನ್ ಯಾವಾಗ ಬರ್ತೈತಿ ಅನ್ನೂದ ನೋಡ್ಕೊಂಡೀರ್‍ಯಾ? ನಿಮ್ಮ ಮಾಲಕ ಮೊದಲು ಕೇಳೂದ ಅದ.

ಕುಕ್ಕರಹಳ್ಳಿ_ಸಂಜೆ

ಅಯ್ಯೋ, ಇದನ್ನ ನಾನು ಯೋಚಿಸೇ ಇರಲಿಲ್ಲ. ದಿನಾ ಸಂಜೆ 5ಕ್ಕೆ ಅವರ ಜೊತೆ ಕಾಲ್ ಇರುತ್ತೆ! ಈಗ ಕೂತು ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆವರೆಗೆ ನಾಲ್ಕೂವರೆ. ಅವರ 9 ಗಂಟೆ ಅಂದ್ರೆ ನಮಗೆ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ನಾನು 4:30ಕ್ಕೆ ಎದ್ದರೆ ಬೇಸಿಗೆಯಲ್ಲಿ ನಾಲ್ಕು ಗಂಟೆ, ಚಳಿಗಾಲದಲ್ಲಿ ಮೂರು ಗಂಟೆ ಇಬ್ಬರೂ ಒಟ್ಟಿಗೆ ಇರ್ತೀವಿ. 5ರ ಕಾಲನ್ನು 3ಕ್ಕೆ ತಂದರೆ ಅವರಿಗೆ 11:30 ಅಥವಾ 10:30, ಊಟದ ಮುಂಚೆಯೇ ಮುಗಿಯುತ್ತೆ. ಜರ್ಮನಿಯ ಆ ಟೀಮಿನ ಹುಡುಗನನ್ನ ಸುಮ್ಮನೆ ಕೇಳಿದೆ, 3 ಗಂಟೆಯೇ ಅವನಿಗೂ ಅನುಕೂಲವಂತೆ.

ಖಾತೆಕಿರ್ದಿ

ಇದನ್ನೇ ಮೇಲ್‌ನಲ್ಲಿ ಹಾಕಿ ಮೇಡಂ. ಇದು ನಾನು ಹೇಳಿದ ಲೆಕ್ಕಕ್ಕಿಂತ ಗಟ್ಟಿ.

ಮೂರನ್ನೂ ಕೇಳಬಹುದಾ ಅಂದಿರಿ. ಕೇಳಿ, ಯಾವುದು ಮೊದಲು ಅಂತ ಹೇಳಿ ಕೇಳಿ. ಮೂರನ್ನೂ ಒಂದೇ ತೂಕದಲ್ಲಿ ಇಟ್ಟರೆ ಮಾಲೀಕರು ತಮಗೆ ಅಗ್ಗವಾದದ್ದನ್ನು ಆರಿಸಿ ಕೊಡುತ್ತಾರೆ. ನಿಮಗೆ ವೇಳೆ ಮುಖ್ಯ ಅಂತ ನನಗೆ ಅನಿಸುತ್ತೆ. ಅದನ್ನು ಮೂರು ತಿಂಗಳ ಪ್ರಯೋಗ ಅಂತ ಕೇಳಿ. ಪ್ರಯೋಗ ಮುಗಿಯುವ ದಿನಾಂಕ ಮತ್ತು ಮುಗಿದ ಮೇಲೆ ಯಾರೂ ಆಕ್ಷೇಪಿಸದಿದ್ದರೆ ಹಾಗೇ ಮುಂದುವರಿಯುತ್ತೆ ಅನ್ನೋ ಸಾಲು ಎರಡೂ ಇರಲಿ.

ಇನ್ನೊಂದು ಸಾಲನ್ನು ಎಲ್ಲರೂ ಮರೆಯುತ್ತಾರೆ: ಸಂಬಳದ ಮಾತು ಮತ್ತೆ ಯಾವಾಗ. ಮುಂದಿನ ಏಪ್ರಿಲ್‌ನಲ್ಲಿ "ಹೋದ ವರ್ಷ ಕೋರ್ಸ್ ಕೊಟ್ಟಿದ್ದೆವಲ್ಲ" ಅಂದುಬಿಟ್ಟರೆ ಎರಡನೇ ಏರಿಕೆಯೂ ಹೋಯಿತು. ಇಂಥ ತಿಂಗಳು ಸಂಬಳ ಪರಿಶೀಲಿಸುತ್ತೇವೆ, ಈಗ ಕೊಟ್ಟದ್ದನ್ನು ಅದರಲ್ಲಿ ಕಳೆಯುವುದಿಲ್ಲ ಅಂತ ಬರೆಸಿಕೊಳ್ಳಿ.

ಕಡಲತಡಿ

45ರ ವಿಷಯದಲ್ಲಿ ನಾನು ತಪ್ಪು ಓದಿದ್ದೆ, ಒಪ್ಪುತ್ತೇನೆ. ಆದರೆ ಇದೊಂದು ಗ್ಯಾರಂಟಿ: ಕೋರ್ಸ್ ಕೊಡಿಸಿದರೆ ಬಾಂಡ್ ಕೇಳುತ್ತಾರೆ. ಧೈರ್ಯವಾಗಿ ಸಹಿ ಹಾಕಿ. ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಖಾತೆಕಿರ್ದಿ

ನಿಲ್ಲುತ್ತೆ ಸರ್. ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣ ನೋಡಿ. ಮೂರು ವರ್ಷ ತುಂಬುವ ಮುಂಚೆ ಕೆಲಸ ಬಿಟ್ಟರೆ 2 ಲಕ್ಷ ಕೊಡಬೇಕು ಅನ್ನೋ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕು, ಹೊಸಬರನ್ನು ನೇಮಿಸುವ ಖರ್ಚಿನ ವಾದ ಅಲ್ಲಿತ್ತು. ನಲವತ್ತು ಜನರ ಕಂಪನಿಗೆ ಅದೇ ಅಳತೆ ಅಂತ ನಾನು ಹೇಳಲ್ಲ, ವಕೀಲರು ಹೇಳಬೇಕು. ಆದರೆ "ನಿಲ್ಲಲ್ಲ" ಅಂತ ನಂಬಿ ಸಹಿ ಹಾಕಬೇಡಿ.

ಬಾಂಡ್ ಬಂದರೆ ಮೂರು ನೋಡಿ. ಅವಧಿ ಒಂದು ವರ್ಷ ಮೀರದಿರಲಿ. ತಿಂಗಳು ಕಳೆದಂತೆ ಮೊತ್ತ ಇಳಿಯಲಿ: ಆರು ತಿಂಗಳಿಗೆ ಬಿಟ್ಟರೆ ಅರ್ಧ, ಒಂಬತ್ತಕ್ಕೆ ಬಿಟ್ಟರೆ ಕಾಲು ಭಾಗ. ಮತ್ತೆ ಮೊತ್ತ 40,000 ಇರಲಿ, 47,200 ಅಲ್ಲ. ಜಿಎಸ್‌ಟಿ ವಾಪಸ್ ಪಡೆದ ಕಂಪನಿ ಅದನ್ನೇ ನಿಮ್ಮಿಂದ ಇನ್ನೊಮ್ಮೆ ಯಾಕೆ ಕೇಳಬೇಕು?

ಗಿರ್ಮಿಟ್

ಇದರಾಗ ನಾ ಒಪ್ಪೂದಿಲ್ರಿ ಅಣ್ಣಾವ್ರ. ನಾ ರೊಕ್ಕ ಹಾಕಿ ಸಿಎನ್‌ಸಿ ಪ್ರೋಗ್ರಾಮಿಂಗ್ ಕಲಿಸಿದ ಹುಡುಗ ನಾಕ್ ತಿಂಗಳಿಗೆ ಬೆಳಗಾವಿಗೆ ಹ್ವಾದ. ಒಂದ್ ವರ್ಷ ಸಾಲೂದಿಲ್ಲ, ಎರಡು ಬೇಕು. ಕಲಿತದ್ದು ಕೈಗೆ ಹತ್ತಾಕ ಆರು ತಿಂಗಳು ಬೇಕಾಗ್ತಾವ, ನನಗ ಉಳದದ್ದು ಆರ ತಿಂಗಳ.

ಓಆರ್‌ಆರ್_ಪಯಣಿಗ

ಎರಡು ವರ್ಷ ಕಟ್ಟಿಹಾಕಿದ್ರೆ 40 ಸಾವಿರಕ್ಕೆ ಅದು ದುಬಾರಿ ಸರ್. ಆ ಕೋರ್ಸ್ ಕಲಿತ ಮೇಲೆ ಹೊರಗೆ ಸಿಗೋ ಸಂಬಳವನ್ನ ಅಷ್ಟು ದಿನ ಬಿಟ್ಟ ಹಾಗೆ. ಇನ್ನೊಂದು, ಹೊಸ ಕಂಪನಿಯವರು ಹಳೇ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತಾರೆ. ಎಂಟು ದಿನ ರಜೆ ಇತ್ತು ಅಂತ ಪೇಸ್ಲಿಪ್‌ನಲ್ಲಿ ಎಲ್ಲೂ ಬರಲ್ಲ.

ಖಾತೆಕಿರ್ದಿ

ಅದು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಾಂಡ್ ಅವಧಿ ವಿಷಯದಲ್ಲಿ ಗಿರ್ಮಿಟ್ ಅವರ ನೋವೂ ಗೊತ್ತಾಗುತ್ತೆ.

ಕುಕ್ಕರಹಳ್ಳಿ_ಸಂಜೆ

ಹನ್ನೊಂದು ದಿನ ಆದ ಮೇಲೆ ಬರ್ತಿದ್ದೀನಿ. ನಾನು ಕಳಿಸಿದ ಮೇಲ್ ಇದು, ಇಂಗ್ಲಿಷಲ್ಲಿತ್ತು, ತಿರುಳು ಮಾತ್ರ:

"ಈ ವರ್ಷ ಏರಿಕೆ ಸಾಧ್ಯವಿಲ್ಲ ಎಂಬುದು ಅರ್ಥವಾಗಿದೆ. ಅದರ ಬದಲು ಈ ಕ್ರಮದಲ್ಲಿ ಕೇಳುತ್ತಿದ್ದೇನೆ. ಒಂದು, ಮುಂದಿನ ತಿಂಗಳ 1ರಿಂದ ಮೂರು ತಿಂಗಳು ಪ್ರಯೋಗವಾಗಿ ಕೆಲಸದ ವೇಳೆ 7:30–4:30. ಗಿರಾಕಿಯ ಕಾಲ್ ಅನ್ನು 3ಕ್ಕೆ ತರಲು ಅವರ ಒಪ್ಪಿಗೆ ಇದೆ. ರಿಲೀಸ್ ಇರುವ ವಾರ ಎರಡು ಸಂಜೆ 6:30ರವರೆಗೆ ಇರುತ್ತೇನೆ. ಎರಡು, ಆಟೊಮೇಷನ್ ಕೋರ್ಸ್, ಬಿಲ್ ಕಂಪನಿ ಹೆಸರಿಗೆ, ನಿವ್ವಳ ಖರ್ಚು 40,000. ಈಗ ಕೈಯಲ್ಲಿ ಎರಡು ದಿನ ಹಿಡಿಯುವ ರಿಗ್ರೆಷನ್ ಟೆಸ್ಟ್ ಅನ್ನು ಆರು ತಿಂಗಳೊಳಗೆ ಸ್ಕ್ರಿಪ್ಟಿಗೆ ತರುತ್ತೇನೆ. ಮೂರು, ಈ ಆರ್ಥಿಕ ವರ್ಷಕ್ಕೆ ಮಾತ್ರ ಆರು ದಿನ ಹೆಚ್ಚುವರಿ ರಜೆ, ಮುಂದಕ್ಕೆ ಒಯ್ಯದ, ನಗದೀಕರಿಸದ ರಜೆ. ಅಕ್ಟೋಬರ್‌ನಲ್ಲಿ ಸಂಬಳ ಪರಿಶೀಲನೆ, ಮೇಲಿನವುಗಳನ್ನು ಕಳೆಯದೆ."

ಮೊದಲನೆಯದು ಸಿಕ್ಕಿತು. ಅವರು ವಾಟ್ಸಾಪಲ್ಲಿ ಬರೀ "ಓಕೆ" ಅಂತ ಹಾಕಿದ್ರು, ನಾನು ಎಚ್‌ಆರ್‌ಗೆ ಮೇಲ್ ಹಾಕಿಸಿ, ಆ್ಯಪಲ್ಲಿ ಶಿಫ್ಟ್ ಬದಲಾದದ್ದನ್ನ ನೋಡಿದ ಮೇಲೇ ನಂಬಿದ್ದು. ರಜೆ ಆರರ ಬದಲು ನಾಲ್ಕು, ನನಗೊಬ್ಬಳಿಗೇ ಅಲ್ಲ, ಐದು ವರ್ಷ ದಾಟಿದ ಎಲ್ಲರಿಗೂ. ಗಿರ್ಮಿಟ್ ಸರ್ ಹೇಳಿದ ಬಾಗಿಲ ಸಮಸ್ಯೆಗೆ ಅವರು ಹಾಗೆ ದಾರಿ ಕಂಡುಕೊಂಡರು. ಕೋರ್ಸಿಗೆ ಹೂಂ ಅಂದರು, ಜೊತೆಗೆ 18 ತಿಂಗಳ ಬಾಂಡ್. ಮೊತ್ತ ತಿಂಗಳು ತಿಂಗಳು ಇಳಿಯೋದಕ್ಕೆ ಒಪ್ಪಿದ್ದಾರೆ, ಅವಧಿ ಇಳಿಸಲು ಒಪ್ಪಿಲ್ಲ. ಇನ್ನೂ ಸಹಿ ಹಾಕಿಲ್ಲ.

ಅಕ್ಟೋಬರ್ ಪರಿಶೀಲನೆ ಬಗ್ಗೆ ಎಚ್‌ಆರ್ ಮೇಲ್‌ನಲ್ಲಿ ಒಂದಕ್ಷರ ಇಲ್ಲ. ಮತ್ತೆ ಕೇಳಲಾ, ಸುಮ್ಮನಿರಲಾ?

ಖಾತೆಕಿರ್ದಿ

ಮತ್ತೆ ಕೇಳಿ, ಬಾಂಡಿಗೆ ಸಹಿ ಹಾಕುವ ಮುಂಚೆ. ಸಹಿ ಹಾಕಿದ ಮೇಲೆ ಅವರಿಗೆ ಉತ್ತರಿಸುವ ಅವಸರ ಇರಲ್ಲ. "ಬಾಂಡ್ 18 ತಿಂಗಳು ಒಪ್ಪುತ್ತೇನೆ, ಅಕ್ಟೋಬರ್ ಸಾಲು ಸೇರಿಸಿ" ಅಂತ ಎರಡನ್ನೂ ಒಂದೇ ಮೇಲ್‌ನಲ್ಲಿ ಹಾಕಿ.

ಗಿರ್ಮಿಟ್

ಹದಿನೆಂಟು! ಅಣ್ಣಾವ್ರ ಒಂದು ಅಂದ್ರು, ನಾ ಎರಡು ಅಂದೆ. ನಿಮ್ಮ ಮಾಲಕ ಇಲ್ಲೇ ಎಲ್ಲರೆ ಕುಂತು ಓದಾಕತ್ತಾನೇನ್ರಿ ಅಕ್ಕಾರ?

ಕುಕ್ಕರಹಳ್ಳಿ_ಸಂಜೆ

ಅವರು ಓದಲ್ಲ ಅಂತಲೇ ಅಂದ್ಕೊಂಡಿದ್ದೀನಿ ಸರ್ :) ಸೋಮವಾರ ಆ ಮೇಲ್ ಕಳಿಸ್ತೀನಿ. ಈಗ 4:10, ಲ್ಯಾಪ್‌ಟಾಪ್ ಮುಚ್ಚಬೇಕು.